ಬೋರಲು ಹಾಕಿದ ಕೊಡ

ಮುಂಬಯಿಯ ಮಾಟುಂಗದಲ್ಲಿ ಕನ್ನಡದ ಹೊಸ ಕಥೆಗಾರರ ಎದುರು ಆಡಿದ ಮಾತಿನ ಬರಹ ರೂಪ

ನಾನು ಚಿಕ್ಕವನಿದ್ದಾಗ ಊರಿಂದ ಬಂದ ಸೋದರಮಾವ ಒಂದು ಸುದ್ದಿ ಹೇಳಿದ. ತೊಂಬತ್ತರ ದಶಕದಲ್ಲಿ ಕರ್ನಾಟಕದಲ್ಲಿ ಬೆಳೆದವರಿಗೆ ಅದು ಗೊತ್ತಿರುತ್ತದೆ. ರಾತ್ರಿ ಒಂದು ದೆವ್ವ ಬಂದು ಬಾಗಿಲು ತಟ್ಟುತ್ತದೆ. ಮನೆಯವರ ದನಿಯಲ್ಲೇ ಕರೆಯುತ್ತದೆ. ಬಾಗಿಲು ತೆಗೆದವನು ಉಳಿಯುವುದಿಲ್ಲ. ಅದಕ್ಕೇ ಜನ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆಯುತ್ತಿದ್ದರು. ದೆವ್ವ ಓದಿಕೊಂಡು ಹೋಗುತ್ತದೆ. ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ.

ನಾವಿದ್ದದ್ದು ಚಾಳಿನಲ್ಲಿ, ಉದ್ದ ಗ್ಯಾಲರಿಗೆ ಸಾಲಾಗಿ ಬಾಗಿಲು ತೆರೆಯುವ ಸಣ್ಣ ಮನೆಗಳು. ಸಂಡಾಸು ಗ್ಯಾಲರಿಯ ಆ ತುದಿಗೆ. ಅದೇ ವಾರ ಒಂದು ರಾತ್ರಿ ಅಮ್ಮ ಎದ್ದು ಹೊರಗೆ ಹೋದಳು. ಅವಳು ಹೋದದ್ದನ್ನು ನಾನೇ ಕಣ್ಣಾರೆ ಕಂಡಿದ್ದೆ. ಗಾಳಿಗೆ ಬಾಗಿಲು ಹಾಕಿಕೊಂಡಿತು, ಚಿಲಕ ತಾನಾಗಿ ಬಿತ್ತು. ಸ್ವಲ್ಪ ಹೊತ್ತಿಗೆ ಬಾಗಿಲು ತಟ್ಟಿದ ಸದ್ದು. ‘ಮಗಾ, ಬಾಗಿಲು ತೆಗಿ.’ ಅಮ್ಮನದೇ ದನಿ. ನಾನು ಏಳಲಿಲ್ಲ. ಎರಡನೇ ಸಲ ಕರೆದಳು. ಆಗಲೂ ಏಳಲಿಲ್ಲ. ಕೊನೆಗೆ ಅಪ್ಪನಿಗೆ ಎಚ್ಚರವಾಗಿ ಬಾಗಿಲು ತೆಗೆದರು.

ಇವತ್ತಿಗೂ ಆ ಎರಡು ನಿಮಿಷ ನನಗೆ ನೆನಪಿದೆ. ಯಾಕೆ ಹೇಳ್ತಾ ಇದ್ದೇನೆ ಅಂದರೆ, ಆ ಸುದ್ದಿಯಲ್ಲಿ ದೆವ್ವ ಹೇಗಿದೆ ಅನ್ನುವುದೇ ಇಲ್ಲ. ಹಲ್ಲಿಲ್ಲ, ಕೂದಲಿಲ್ಲ, ತಿರುಗಿದ ಪಾದ ಇಲ್ಲ. ಇರುವುದು ನಿಮ್ಮದೇ ಬಾಗಿಲು, ನಿಮ್ಮದೇ ಅಮ್ಮನ ದನಿ. ಉಳಿದದ್ದನ್ನು ಕೇಳಿದವನೇ ತುಂಬಿಕೊಳ್ಳುತ್ತಾನೆ. ಅದು ಹೇಗೆ ಆಗುತ್ತದೆ ಅನ್ನುವುದನ್ನು ಒಂದೇ ಒಂದು ಕಥೆ ಇಟ್ಟುಕೊಂಡು ನೋಡೋಣ.

ಕಥೆ ಡೊಂಬಿವಲಿಯ ಒಬ್ಬ ಹುಡುಗಿ ಬರೆದದ್ದು. ನನಗೆ ಓದಲು ಕೊಟ್ಟಿದ್ದಳು. ಅದರ ಬಗ್ಗೆ ಮಾತಾಡಲು ಒಪ್ಪಿಗೆ ಕೊಟ್ಟಿದ್ದಾಳೆ. ಮೊದಲ ಕರಡಿನಲ್ಲಿ ಹೀಗಿತ್ತು. ಒಂದು ಹಳೆಯ ಚಾಳು. ಜೋರು ಮಳೆ. ಪಕ್ಕದ ಖೋಲಿಯ ಶಾರದಕ್ಕ ಸತ್ತು ತಿಂಗಳಾಗಿದೆ, ಖೋಲಿಗೆ ಬೀಗ. ಅರ್ಧ ರಾತ್ರಿ ನಾಯಿ ಊಳಿಡುತ್ತದೆ. ಕಥೆಯ ಹುಡುಗ ಗ್ಯಾಲರಿಯಲ್ಲಿ ಒದ್ದೆ ಹೆಜ್ಜೆ ನೋಡುತ್ತಾನೆ. ಹೆಜ್ಜೆ ಹಿಡಿದು ಹೋದರೆ ಬೀಗ ತೆರೆದಿದೆ. ಒಳಗೆ ನೆಲದ ತುಂಬ ರಕ್ತ, ಮೂಲೆಯಲ್ಲಿ ಕಣ್ಣುಗುಡ್ಡೆ ಮೇಲೆ ಮಾಡಿಕೊಂಡ ಹೆಂಗಸು. ಹುಡುಗ ಚೀರುತ್ತಾನೆ. ಮುಗಿಯಿತು.

ಓದಿ ನಾನು ಅವಳಿಗೆ ಕೇಳಿದ್ದು ಒಂದೇ ಪ್ರಶ್ನೆ. ‘ಇದರಲ್ಲಿ ನಿನಗೆ ನಿಜವಾಗಿ ಹೆದರಿಕೆ ಆದ ಜಾಗ ಯಾವುದು?’ ಅವಳು ಸ್ವಲ್ಪ ಯೋಚಿಸಿ, ‘ಬೀಗ ಹಾಕಿದ ಖೋಲಿ’ ಅಂದಳು. ರಕ್ತ ಅನ್ನಲಿಲ್ಲ.

ನಮ್ಮ ಹಳಬರು ಇದನ್ನು ಚೆನ್ನಾಗಿ ಬೇರೆ ಮಾಡಿಟ್ಟಿದ್ದಾರೆ. ನಾಟ್ಯಶಾಸ್ತ್ರದಲ್ಲಿ ಭಯಾನಕ ಒಂದು ರಸ, ಬೀಭತ್ಸ ಇನ್ನೊಂದು ರಸ. ಮೊದಲನೆಯದರ ಬೇರು ಭಯ, ಎರಡನೆಯದರದು ಜುಗುಪ್ಸೆ, ಅಂದರೆ ಹೇಸಿಗೆ. ರಕ್ತ, ಕೊಳೆತ ಮಾಂಸ ಇವೆಲ್ಲ ಹೇಸಿಗೆಯ ಕಡೆಯವು. ಹೇಸಿಗೆ ಆದಾಗ ನಾವು ಮುಖ ತಿರುಗಿಸುತ್ತೇವೆ. ಹೆದರಿಕೆ ಆದಾಗ ಕಿವಿ ನಿಮಿರುತ್ತದೆ, ಇನ್ನೂ ಹತ್ತಿರದಿಂದ ನೋಡುತ್ತೇವೆ. ಓದುಗ ಒಂದೇ ಹೊತ್ತಿಗೆ ಎರಡನ್ನೂ ಮಾಡಲಾರ. ಹಾಗಾಗಿ ರಕ್ತ ಬಂದ ಸಾಲಿಗೆ ದಿಗಿಲು ನಿಂತುಬಿಡುತ್ತದೆ. ಏನಿದೆಯೋ ಅನ್ನುವ ಪ್ರಶ್ನೆಗೆ ಉತ್ತರ ಸಿಕ್ಕಿಬಿಟ್ಟಿತಲ್ಲ.

ಸರಿ, ರಕ್ತ ತೆಗೆದೆವು. ಹೆಂಗಸನ್ನೂ ತೆಗೆದೆವು. ಈಗ ಉಳಿದದ್ದು ಏನು? ಒಂದು ಬೀಗ. ಬರೀ ಬೀಗದಿಂದ ಕಥೆ ಆಗುವುದಿಲ್ಲ. ಬಹಳ ಜನ ಎಡವುವುದು ಇಲ್ಲೇ. ತೋರಿಸಬಾರದು ಅಂತ ಯಾರೋ ಹೇಳಿಕೊಟ್ಟಿರುತ್ತಾರೆ. ಅದಕ್ಕೆ ಎಲ್ಲವನ್ನೂ ಮಂಜುಮಂಜು ಮಾಡುತ್ತಾರೆ. ‘ಏನೋ ಸರಿದಂತಾಯಿತು’, ‘ಯಾವುದೋ ನೆರಳು’, ‘ಹೇಳಲಾಗದ ಭಾವನೆ’. ಇದು ಸೂಚನೆ ಅಲ್ಲ. ಏನನ್ನು ಸೂಚಿಸಬೇಕು ಅಂತ ಬರೆಯುವವನಿಗೇ ಗೊತ್ತಿಲ್ಲದಿರುವುದು. ಸೂಚನೆಗೆ ಬೇಕಾದ್ದು ಖಚಿತತೆ. ಕಾಣದ ಆ ಒಂದನ್ನು ಬಿಟ್ಟು ಮಿಕ್ಕದ್ದೆಲ್ಲ ಕಣ್ಣಿಗೆ ಕಟ್ಟಿದ ಹಾಗೆ ಇರಬೇಕು.

ಅದಕ್ಕೆ ಅವಳನ್ನು ಕೇಳಿದೆ. ಶಾರದಕ್ಕ ಬದುಕಿದ್ದಾಗ ಈ ಮನೆಗೂ ಅವಳಿಗೂ ದಿನಾ ಏನು ವ್ಯವಹಾರ ಇತ್ತು? ಕರಡಿನಲ್ಲಿ ಅದು ಇರಲೇ ಇಲ್ಲ. ಅವಳು ತನ್ನ ಅಜ್ಜಿಯ ಚಾಳಿನ ನೆನಪು ಹೇಳಿದಳು. ಗ್ಯಾಲರಿಯ ಕೊನೆಯಲ್ಲಿ ಎಲ್ಲರಿಗೂ ಒಂದೇ ನಲ್ಲಿ. ಬೆಳಗಿನ ಜಾವ ನಾಲ್ಕೂವರೆಗೆ ನೀರು, ಒಂದು ಗಂಟೆ ಅಷ್ಟೇ. ಪಕ್ಕದ ಅಜ್ಜಿಗೆ ಮಂಡಿನೋವು, ಕೊಡ ಎತ್ತಲಾರಳು. ಅದಕ್ಕೆ ಇವರಜ್ಜಿಯೇ ಎರಡು ಕೊಡ ತುಂಬಿಸಿ, ಒಂದನ್ನು ಆಕೆಯ ಬಾಗಿಲ ಹೊರಗೆ ಇಟ್ಟು ಬರುತ್ತಿದ್ದರು.

ಕಥೆ ಸಿಕ್ಕಿತು ಅಂತ ನನಗೆ ಆಗಲೇ ಅನ್ನಿಸಿತು. ಯಾಕೆಂದರೆ ಈಗ ಒಂದು ಅಭ್ಯಾಸ ಇದೆ. ಎರಡು ಕೊಡ, ಒಂದೇ ಹೊತ್ತು, ಒಂದೇ ಜಾಗ. ಅಭ್ಯಾಸ ಇದ್ದರೆ ಮಾತ್ರ ಅದರಲ್ಲಿ ಒಂದು ಎಳೆ ತಪ್ಪಿಸಬಹುದು.

ಹೊಸ ಕರಡು ಹೀಗೆ ಶುರುವಾಯಿತು. ಶಾರದಕ್ಕನ ಹದಿಮೂರರ ಕೆಲಸ ಮುಗಿದಿದೆ. ಮರುದಿನ ಹುಡುಗನ ಅಮ್ಮ ನೀರಿಗೆ ಹೋದವಳು ಕೈಯ ಅಭ್ಯಾಸಕ್ಕೆ ಆಕೆಯ ತಾಮ್ರದ ಕೊಡವನ್ನೂ ತುಂಬಿಸಿ, ಬೀಗದ ಬಾಗಿಲ ಮುಂದೆ ಇಟ್ಟುಬಿಡುತ್ತಾಳೆ. ಆಮೇಲೆ ನೆನಪಾಗಿ ಕಣ್ಣೊರೆಸಿಕೊಳ್ಳುತ್ತಾಳೆ. ಇಲ್ಲಿ ಹೆದರಿಕೆ ಏನೂ ಇಲ್ಲ. ದುಃಖ ಇದೆ. ಅದು ಇರಲೇಬೇಕು. ಏಳು ಗಂಟೆಗೆ ಮಗ ಕೆಲಸಕ್ಕೆ ಹೊರಟಾಗ ಕೊಡ ಖಾಲಿ. ಯಾರೋ ಪಕ್ಕದವರು ಸುರಿದುಕೊಂಡಿರಬೇಕು ಅಂದುಕೊಳ್ಳುತ್ತಾನೆ. ಸಹಜ ಅಲ್ವಾ? ಬಿಟ್ಟಿ ನೀರು. ಅಮ್ಮ ಮರುದಿನವೂ ಇಡುತ್ತಾಳೆ, ಆಮೇಲೆ ದಿನಾ.

ಈ ಸಹಜವಾದ ಕಾರಣ ಕಥೆಗೆ ತುಂಬ ಮುಖ್ಯ. ಅದು ಇಲ್ಲದಿದ್ದರೆ ಓದುಗ ತಕ್ಷಣ ‘ಓ, ದೆವ್ವ’ ಅಂದು ಆರಾಮಾಗಿ ಕೂತುಬಿಡುತ್ತಾನೆ. ಕಾರಣ ಹೆಚ್ಚುಕಮ್ಮಿ ಹೊಂದಬೇಕು, ಪೂರ್ತಿ ಹೊಂದಬಾರದು. ಆ ಸಣ್ಣ ಸಂದಿಯಲ್ಲೇ ದಿಗಿಲು ಕೂರುವುದು.

ಸಂದಿ ಮಾಡಿದ್ದು ಹೀಗೆ. ಮೊದಲ ಪುಟದಲ್ಲೇ, ಶಾರದಕ್ಕ ಬದುಕಿದ್ದಾಗಿನ ಒಂದು ಸಣ್ಣ ಜಗಳ. ಜಿರಳೆ ಹೋಗಬಾರದು ಅಂತ ಅವಳು ಖಾಲಿ ಕೊಡವನ್ನು ಬೋರಲು ಹಾಕಿ ಹೊರಗಿಡುತ್ತಿದ್ದಳು. ‘ಕುಡಿಯೋ ನೀರಿನ ಕೊಡದ ಬಾಯಿ ನೆಲಕ್ಕೆ ತಾಗಿಸ್ತೀರಲ್ಲ ಶಾರದಕ್ಕ’ ಅಂತ ಅಮ್ಮ ಗೊಣಗುತ್ತಿದ್ದಳು. ಓದುಗನಿಗೆ ಇದು ಇಬ್ಬರು ಹೆಂಗಸರ ಸ್ವಭಾವ ತೋರಿಸುವ ಸಾಲು ಅನ್ನಿಸುತ್ತದೆ. ನಗುತ್ತ ಮುಂದೆ ಹೋಗುತ್ತಾನೆ. ಬೀಜ ಬಿತ್ತಬೇಕಾದ್ದು ಹೀಗೆ, ಬೇರೆ ಕೆಲಸ ಮಾಡುತ್ತಿರುವ ವಾಕ್ಯದ ಒಳಗೆ. ‘ವಿಚಿತ್ರವೆಂದರೆ ಶಾರದಕ್ಕ ಕೊಡವನ್ನು ಯಾವಾಗಲೂ ಬೋರಲು ಹಾಕುತ್ತಿದ್ದಳು’ ಅಂತ ಬರೆದರೆ ಬೀಜದ ಮೇಲೆ ಬಾವುಟ ನೆಟ್ಟ ಹಾಗೆ.

ಮೂರು ಪುಟ ಆದ ಮೇಲೆ ಒಂದು ಬೆಳಿಗ್ಗೆ ಹುಡುಗ ಚಪ್ಪಲಿ ಹಾಕಿಕೊಳ್ಳುವಾಗ ನೋಡುತ್ತಾನೆ. ತಾಮ್ರದ ಕೊಡ ಬಾಗಿಲ ಪಕ್ಕದಲ್ಲಿ ಬೋರಲು ಬಿದ್ದಿಲ್ಲ, ಬೋರಲು ಹಾಕಿದೆ. ಅಷ್ಟೇ. ಅವನು ಲೋಕಲ್ ರೈಲು ಹಿಡಿಯಲು ಓಡುತ್ತಾನೆ.

ಇಲ್ಲಿ ಅವಳು ಮೊದಲು ‘ಯಾರೋ ಕೊಡವನ್ನು ಬೋರಲು ಹಾಕಿದ್ದರು’ ಅಂತ ಬರೆದಿದ್ದಳು. ನಾನು ಆ ‘ಯಾರೋ’ವನ್ನು ತೆಗೆಸಿದೆ. ‘ಯಾರೋ’ ಅಂದ ಕೂಡಲೇ ಅಲ್ಲಿ ಒಬ್ಬ ಆಸಾಮಿ ಬಂದು ನಿಲ್ಲುತ್ತಾನೆ. ಕನ್ನಡದಲ್ಲಿ ನಮಗೆ ಒಂದು ಅನುಕೂಲ ಇದೆ, ಕರ್ತೃ ಇಲ್ಲದೆಯೂ ವಾಕ್ಯ ನಡೆಯುತ್ತದೆ. ‘ಕೊಡ ಬೋರಲು ಹಾಕಿತ್ತು.’ ಹಾಕಿದ್ದು ಯಾರು? ವಾಕ್ಯ ಹೇಳುವುದಿಲ್ಲ, ಕೇಳುವುದೂ ಇಲ್ಲ. ಕೇಳುವ ಕೆಲಸ ಓದುಗನ ಪಾಲಿಗೆ ಬರುತ್ತದೆ. ಭಯದ ಕಥೆ ತಿದ್ದುವಾಗ ನಾನು ಮೊದಲು ಹುಡುಕುವುದೇ ಈ ‘ಯಾರೋ’, ‘ಏನೋ’, ‘ಯಾವುದೋ’ಗಳನ್ನು. ಆಮೇಲೆ ‘ಭಯಾನಕ’, ‘ಭೀಕರ’, ‘ಎದೆ ಝಲ್ಲೆಂದಿತು’, ‘ಮೈ ಜುಮ್ಮೆಂದಿತು’. ಮೈ ಜುಮ್ಮೆನ್ನಬೇಕಾದ್ದು ಓದುಗನಿಗೆ. ಪಾತ್ರಕ್ಕೆ ಆಗಿಬಿಟ್ಟರೆ ಓದುಗನಿಗೆ ಉಳಿಯುವುದಿಲ್ಲ.

ಇನ್ನೊಂದು ಸಣ್ಣ ವಿಷಯ ಕ್ರಿಯಾಪದದ ಕಾಲದ್ದು. ಹುಡುಗ ಅಮ್ಮನಿಗೆ ಹೇಳುತ್ತಾನೆ, ‘ಸುಮ್ನೆ ಯಾಕೆ ದಿನಾ ಪೂರ್ತಿ ತುಂಬಿಸ್ತೀಯಾ, ಅರ್ಧ ಇಟ್ರೆ ಸಾಕು.’ ಅಮ್ಮ ಅಕ್ಕಿ ಆರಿಸುತ್ತ ತಲೆ ಎತ್ತದೆ ಹೇಳುತ್ತಾಳೆ, ‘ಅರ್ಧ ಕೊಡ ಇಟ್ರೆ ಅವಳಿಗೆ ಸಾಲಲ್ಲ.’ ಸಾಲಲ್ಲ. ಸಾಲುತ್ತಿರಲಿಲ್ಲ ಅಲ್ಲ. ಹುಡುಗ ಗಮನಿಸುವುದಿಲ್ಲ. ನಾನು ಇದನ್ನು ಹತ್ತಾರು ಜನರ ಎದುರು ಓದಿದ್ದೇನೆ. ಆ ಸಾಲಿಗೆ ಕೂತವರು ಸ್ವಲ್ಪ ಅಲ್ಲಾಡುತ್ತಾರೆ. ಈಗ ನಿಮ್ಮಲ್ಲೂ ಕೆಲವರು ಅಲ್ಲಾಡಿದ್ದನ್ನು ನೋಡಿದೆ.

ಇನ್ನು ವಾತಾವರಣ. ಮೊದಲ ಕರಡಿನಲ್ಲಿ ಮಳೆ ಇತ್ತು ಅಂದೆನಲ್ಲ. ಭಯದ ಕಥೆ ಅಂದರೆ ಮಳೆ, ಸಿಡಿಲು, ಕರೆಂಟು ಹೋಗುವುದು ಅಂತ ನಾವು ಅಂದುಕೊಂಡುಬಿಟ್ಟಿದ್ದೇವೆ. ಆದರೆ ಜುಲೈಯಲ್ಲಿ ಮುಂಬಯಿಯ ಗ್ಯಾಲರಿ ಹೇಗಿರುತ್ತದೆ ಯೋಚಿಸಿ. ನೆಲ ಪೂರ್ತಿ ಒದ್ದೆ. ಒದ್ದೆ ಹೆಜ್ಜೆಗೆ ಅಲ್ಲಿ ಅರ್ಥವೇ ಇಲ್ಲ. ನೀರಿಗೂ ಬೆಲೆ ಇಲ್ಲ. ಒಂದು ಕೊಡ ಖಾಲಿಯಾದರೆ ಯಾರಿಗೇನು?

ಅದಕ್ಕೆ ಕಥೆಯನ್ನು ಮೇ ತಿಂಗಳಿಗೆ ತಂದೆವು. ಮಳೆಗೆ ಮುಂಚೆ ಮುಂಬಯಿಗೆ ನೀರು ಕೊಡುವ ಕೆರೆಗಳ ಮಟ್ಟ ಇಳಿದಿರುತ್ತದೆ. ಕೆಲವು ವರ್ಷ ಪಾಲಿಕೆ ನೀರು ಕಡಿತ ಮಾಡುತ್ತದೆ. ಈಗ ಒಂದು ಗಂಟೆಯ ನೀರು ಮುಕ್ಕಾಲು ಗಂಟೆಯಾಗಿದೆ. ಗ್ಯಾಲರಿಯಲ್ಲಿ ಎಲ್ಲರೂ ಕೊಡ ಎಣಿಸುತ್ತಾರೆ. ಇಂಥ ಹೊತ್ತಿನಲ್ಲಿ ಸತ್ತವಳಿಗೆ ಒಂದು ಕೊಡ ನೀರು ಇಡುವುದು ಅಂದರೆ ಅದಕ್ಕೊಂದು ತೂಕ ಬರುತ್ತದೆ. ಮಗ ಅಮ್ಮನ ಮೇಲೆ ಸಿಡುಕಲು ಕಾರಣ ಸಿಗುತ್ತದೆ. ನೆಲ ಒಣಗಿರುವುದರಿಂದ ನೀರು ಚೆಲ್ಲಿದ ಗುರುತು ಇಲ್ಲ ಅನ್ನುವುದೂ ಒಂದು ಸಂಗತಿಯಾಗುತ್ತದೆ. ಕಥೆಯ ವಸ್ತು ಯಾವ ಹವೆಯಲ್ಲಿ ಅತಿ ಹೆಚ್ಚು ಬೆಲೆ ಪಡೆಯುತ್ತದೋ ಅದೇ ಅದರ ವಾತಾವರಣ. ಈ ಕಥೆಗೆ ಅದು ಮೇ ತಿಂಗಳ ಸೆಕೆ.

ಸದ್ದಿನ ವಿಷಯವೂ ಹಾಗೇ. ನಾಯಿ ಊಳಿಡುವುದನ್ನು ತೆಗೆದೆವು. ಆ ಚಾಳು ರೈಲು ಹಳಿಯ ಪಕ್ಕ. ರಾತ್ರಿ ಸುಮಾರು ಒಂದರಿಂದ ನಾಲ್ಕರವರೆಗೆ ಲೋಕಲ್ ಓಡುವುದಿಲ್ಲ. ಹಳಿಯ ಪಕ್ಕ ಬೆಳೆದವರಿಗೆ ರೈಲಿನ ಸದ್ದಿಗೆ ಎಚ್ಚರವಾಗುವುದಿಲ್ಲ, ಅದು ಇಲ್ಲದಿದ್ದಾಗಲೇ ನಿದ್ದೆ ತೆಳುವಾಗುತ್ತದೆ. ಆ ಮೌನ ಮುಗಿಯುವ ಹೊತ್ತಿಗೆ ಮೊದಲ ಲೋಕಲ್. ಆಮೇಲೆ ನಲ್ಲಿಯಲ್ಲಿ ಗಾಳಿ ಸುಯ್ಯನ್ನುತ್ತದೆ, ಎರಡು ಸಲ ಕೆಮ್ಮುತ್ತದೆ, ನೀರು ಬರುತ್ತದೆ. ಇದನ್ನು ಕಥೆಯ ಶುರುವಿನಲ್ಲಿ ಒಳ್ಳೆಯ ಸದ್ದಾಗಿಯೇ ಬರೆದಳು. ನೀರು ಬಂತು ಅನ್ನುವ ಸಮಾಧಾನದ ಸದ್ದು. ಕೊನೆಯಲ್ಲಿ ಅದೇ ಸದ್ದು ಕೆಲಸಕ್ಕೆ ಬಂತು.

ಕೊನೆ ಹೀಗಿದೆ. ಊರಲ್ಲಿ ಮದುವೆ. ಹುಡುಗ ಅಮ್ಮನನ್ನು ಕುರ್ಲಾದಲ್ಲಿ ಮತ್ಸ್ಯಗಂಧ ರೈಲು ಹತ್ತಿಸಿ ಬರುತ್ತಾನೆ. ‘ಬೆಳಿಗ್ಗೆ ಎದ್ದು ನೀರು ಹಿಡಿ, ಮರೀಬೇಡ’ ಅಂತ ಅವಳು ಕಿಟಕಿಯಿಂದ ಹೇಳುತ್ತಾಳೆ. ಖಾಲಿ ಸ್ಟೀಲ್ ಕೊಡವನ್ನು ಎಂದಿನಂತೆ ಬಾಗಿಲ ಹೊರಗಿಟ್ಟು ಮಲಗುತ್ತಾನೆ. ಆಮೇಲೆ ಒಂದು ಪುಟ ಬೇರೆ ಸಂಗತಿ, ಅವನ ಕೆಲಸದ ಕಿರಿಕಿರಿ, ಸೆಕೆ, ಫ್ಯಾನು. ಜಾವದಲ್ಲಿ ಅರೆನಿದ್ದೆಯಲ್ಲಿ ನಲ್ಲಿ ಸುಯ್ಯನ್ನುವುದು ಕೇಳಿಸುತ್ತದೆ. ಕೊಡಕ್ಕೆ ನೀರು ಬೀಳುತ್ತದೆ.

ಕೊಡ ತುಂಬುವಾಗ ಸದ್ದು ಹೇಗೆ ಬದಲಾಗುತ್ತದೆ ಅಂತ ಗಮನಿಸಿದ್ದೀರಾ? ಮೊದಲು ದಪ್ಪ ದನಿ. ನೀರು ಮೇಲೆ ಬಂದ ಹಾಗೆ ಒಳಗಿನ ಗಾಳಿಯ ಜಾಗ ಕಡಿಮೆಯಾಗುತ್ತ ದನಿ ಸಣ್ಣಗಾಗುತ್ತ ಏರುತ್ತದೆ. ಕತ್ತಲಲ್ಲೂ ನಮ್ಮ ಅಮ್ಮಂದಿರು ಆ ಸದ್ದಿನ ಮೇಲೇ ನಲ್ಲಿ ನಿಲ್ಲಿಸುತ್ತಿದ್ದರು. ಅವಳು ಇದನ್ನೇ ಬರೆದಳು. ದನಿ ಏರುತ್ತ ಏರುತ್ತ ಕಂಠಕ್ಕೆ ಬಂತು. ಸರಿಯಾದ ಹೊತ್ತಿಗೆ ನಿಂತಿತು. ‘ಅಮ್ಮ ತುಂಬಿಸಿದಳು ಅಂದುಕೊಂಡು ಅವನು ಮಗ್ಗುಲು ಬದಲಿಸಿದ.’

ನನ್ನ ಪ್ರಕಾರ ಇಡೀ ಕಥೆ ಇರುವುದು ಈ ವಾಕ್ಯದಲ್ಲಿ. ಅಮ್ಮ ಊರಿಗೆ ಹೋಗಿದ್ದಾಳೆ. ಓದುಗನಿಗೆ ಅದು ನೆನಪಿದೆ, ನಿದ್ದೆಯಲ್ಲಿರುವ ಹುಡುಗನಿಗೆ ಇಲ್ಲ. ಲೆಕ್ಕ ಕೂಡಿಸಿದ್ದು ಓದುಗ, ಅವನೊಬ್ಬನೇ ಎಚ್ಚರವಾಗಿದ್ದಾನೆ. ಎಬ್ಬಿಸಲು ಆಗುವುದಿಲ್ಲ. ಈ ಜಾಗಕ್ಕೆ ಬರಲು ಅಮ್ಮನ ಪ್ರಯಾಣವನ್ನು ನಾಲ್ಕೈದು ಸಲ ಅತ್ತಿತ್ತ ಸರಿಸಬೇಕಾಯಿತು. ತೀರಾ ಹತ್ತಿರ ಇಟ್ಟಾಗ ಓದಿದವರಿಗೆ ಮೊದಲೇ ಗೊತ್ತಾಗಿಹೋಯಿತು. ದೂರ ಇಟ್ಟಾಗ ಮರೆತುಬಿಟ್ಟರು, ಮತ್ತೆ ಹಿಂದಕ್ಕೆ ತಿರುವಿ ನೋಡಿದರು. ನಡುವೆ ಒಂದು ಪುಟ ಸರಿಹೋಯಿತು. ಇದನ್ನು ನಮ್ಮಷ್ಟಕ್ಕೆ ನಾವೇ ತಿಳಿಯಲಾಗುವುದಿಲ್ಲ, ನಮಗೆ ಕಥೆ ಮೊದಲೇ ಗೊತ್ತಲ್ಲ. ಕಥೆ ಗೊತ್ತಿಲ್ಲದ ಒಬ್ಬರಿಗೆ ಕೊಟ್ಟು, ಹೆದರಿಕೆಯಾದ ಮೊದಲ ಸಾಲಿಗೆ ಪೆನ್ಸಿಲ್ ಗುರುತು ಹಾಕಲು ಹೇಳಿ. ಗುರುತು ಕೊನೆಯ ಸಾಲಿಗೆ ಬಿದ್ದರೆ ನೀವು ಬರೆದದ್ದು ಬರೀ ಬೆಚ್ಚಿಬೀಳಿಸುವ ಕಥೆ. ‘ಅರ್ಥ ಆಗ್ಲಿಲ್ಲ’ ಅಂದರೆ ಬೀಜ ಮೊಳೆತಿಲ್ಲ.

ಬೆಳಿಗ್ಗೆ ಹುಡುಗ ಬಾಗಿಲು ತೆಗೆದರೆ ಸ್ಟೀಲ್ ಕೊಡ ತುಂಬಿದೆ.

ಇಲ್ಲಿ ಅವಳು ಹುಡುಗನನ್ನು ಗ್ಯಾಲರಿಯ ಏಳೂ ಮನೆಗೆ ಕಳಿಸಿದ್ದಳು. ನೀವು ತುಂಬಿಸಿದ್ರಾ, ನೀವು ತುಂಬಿಸಿದ್ರಾ ಅಂತ. ಎಲ್ಲರೂ ಇಲ್ಲ ಅನ್ನುತ್ತಾರೆ. ಓದುಗನಿಗೆ ಅನುಮಾನ ಉಳಿಯಬಾರದು ಅಂತ ಅವಳ ಆಸೆ. ನನಗೆ ಒಪ್ಪಿಗೆಯಾಗಲಿಲ್ಲ. ಏಳು ಮನೆ ಕೇಳಿದರೆ ಹುಡುಗ ಪೊಲೀಸ್ ಆಗುತ್ತಾನೆ, ಕಥೆ ತನಿಖೆಯಾಗುತ್ತದೆ. ಕೊನೆಗೆ ಒಂದೇ ಮನೆಗೆ ಇಳಿಸಿದೆವು. ಎದುರಿಗೆ ಸಿಕ್ಕ ಹೆಂಗಸು, ‘ಇಲ್ಲ ಮಾರಾಯ, ನಂಗೇ ಇವತ್ತು ಎಚ್ಚರ ಆಗ್ಲಿಲ್ಲ’ ಅನ್ನುತ್ತಾಳೆ. ಉಳಿದ ಆರು ಬಾಗಿಲು ತೆರೆದೇ ಇವೆ. ಅವನು ಕೇಳುವುದಿಲ್ಲ. ಯಾಕೆ ಕೇಳಲಿಲ್ಲ ಅಂತ ಓದುಗ ಯೋಚಿಸುತ್ತಾನೆ. ಅವನ ಹೆದರಿಕೆಯ ಬಗ್ಗೆ ಒಂದು ಮಾತೂ ಹೇಳದೆ ಅದನ್ನು ತೋರಿಸಿದಂತಾಯಿತು.

ಇದರ ಜೊತೆಗೆ ಅವಳಿಗೆ ಇನ್ನೂ ಎರಡು ಸೇರಿಸುವ ಆಸೆಯಿತ್ತು. ಕನ್ನಡಿಯಲ್ಲಿ ಒಂದು ಮುಖ, ನಿಂತುಹೋದ ಗಡಿಯಾರ. ಬೇಡ ಅಂದೆ. ಈ ಕಥೆಯ ವಿಚಿತ್ರ ನೀರಿಗೆ ಸೇರಿದ್ದು. ನೀರು, ಕೊಡ, ನಲ್ಲಿ, ಇಷ್ಟರೊಳಗೇ ನಡೆಯಬೇಕು. ಗಡಿಯಾರ ಬಂದರೆ ದೆವ್ವಕ್ಕೆ ಏನು ಬೇಕಾದರೂ ಮಾಡಲು ಬರುತ್ತದೆ ಅಂತಾಯಿತು. ಏನು ಬೇಕಾದರೂ ಮಾಡಬಲ್ಲದ್ದಕ್ಕೆ ಯಾರೂ ಹೆದರುವುದಿಲ್ಲ, ಮುಂದೇನು ಅಂತ ಊಹಿಸಲು ದಾರಿಯೇ ಇರುವುದಿಲ್ಲವಲ್ಲ. ‘ನಾಳೆ ಬಾ’ದ ದೆವ್ವಕ್ಕೆ ಕಟ್ಟುನಿಟ್ಟಾದ ನಿಯಮ ಇತ್ತು ನೋಡಿ. ಕರೆಯುತ್ತದೆ, ಓದುತ್ತದೆ, ಹೋಗುತ್ತದೆ. ಅದಕ್ಕೇ ನಾನು ಆ ರಾತ್ರಿ ಏಳಲಿಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ತುಳುನಾಡಿನ ಕಡೆಯವರು ಇಲ್ಲಿ ಬಹಳ ಜನ ಇದ್ದೀರಿ. ಮದುವೆಯಾಗದೆ ತೀರಿಕೊಂಡ ಮಕ್ಕಳಿಗೆ ಎಷ್ಟೋ ವರ್ಷದ ಮೇಲೆ ಸಂಬಂಧ ಹುಡುಕಿ ಪ್ರೇತ ಮದುವೆ ಮಾಡುವುದು ನಿಮಗೆ ಗೊತ್ತು. ಅದನ್ನು ಕಥೆಗೆ ತರಬಹುದಾ ಅಂತ ಒಬ್ಬರು ಆಗ ಕೇಳಿದರು. ತರಬಹುದು. ಆದರೆ ಮಾಡುವವರಿಗೆ ಅದು ಹೆದರಿಕೆಯಲ್ಲ, ಮಗುವಿನ ಮೇಲಿನ ಪ್ರೀತಿ. ಆ ಪ್ರೀತಿಯನ್ನು ಬಿಟ್ಟು ಬರೀ ವಿಚಿತ್ರವನ್ನು ಎತ್ತಿಕೊಂಡರೆ ಕಥೆಯೂ ಸುಳ್ಳಾಗುತ್ತದೆ, ಅವರಿಗೂ ನೋವಾಗುತ್ತದೆ. ಶಾರದಕ್ಕನ ಕಥೆಯಲ್ಲಿ ದಿಗಿಲು ಹುಟ್ಟುವುದೇ ಉಪಕಾರದಿಂದ. ದಿನಾ ನೀರಿಟ್ಟವಳ ಮನೆಗೆ ಅವಳಿಲ್ಲದ ದಿನ ನೀರು ಬಂದಿದೆ. ಶಾರದಕ್ಕ ಕೆಟ್ಟವಳಾಗಿದ್ದರೆ ಬಾಗಿಲು ಹಾಕಿಕೊಳ್ಳಬಹುದಿತ್ತು. ಒಳ್ಳೆಯವಳನ್ನು ಏನು ಮಾಡುವುದು?

ಕೊನೆಯ ಸಾಲಿಗೆ ಬಹಳ ಒದ್ದಾಡಿದೆವು. ಮೊದಲು ‘ಅವನು ಬೆವರಿ ನಿಂತ’ ಅಂತ ಇತ್ತು. ಆಮೇಲೆ ನೀರು ಚೆಲ್ಲಿಬಿಡುತ್ತಾನೆ ಅಂತ ಮಾಡಿದಳು. ಆದರೆ ಮೇ ತಿಂಗಳು, ಮನೆಯಲ್ಲಿ ಒಂದು ತೊಟ್ಟು ನೀರಿಲ್ಲ, ಕೆಲಸಕ್ಕೆ ಹೊತ್ತಾಗಿದೆ. ಯಾರು ಚೆಲ್ಲುತ್ತಾರೆ? ಹಾಗಾಗಿ ಅವನು ಕೊಡ ಒಳಗೆ ತರುತ್ತಾನೆ. ಚಹಾಕ್ಕಿಡುತ್ತಾನೆ. ಕುಡಿಯುತ್ತಾನೆ. ಅಲ್ಲಿಗೆ ನಿಲ್ಲಿಸೋಣ ಅಂತ ನಾನು ಅಂದೆ. ಅವಳು ಎರಡು ದಿನ ಬಿಟ್ಟು ಫೋನ್ ಮಾಡಿದಳು. ‘ಸರ್, ಇನ್ನೊಂದೇ ವಾಕ್ಯ ಇದೆ’ ಅಂತ ಓದಿ ಹೇಳಿದಳು. ಕೇಳಿ ನಾನು ಸ್ವಲ್ಪ ಹೊತ್ತು ಮಾತಾಡಲಿಲ್ಲ.

‘ಸಂಜೆ ಬಂದು ಕೊಡ ತೊಳೆದ, ಹೊರಗೆ ತಂದು ಬಾಗಿಲ ಪಕ್ಕ ಬೋರಲು ಹಾಕಿದ.’